ಮೀನಖಂಡ ಹರಿದ ಬೆಳಗು

ವಿಮಾನ ನಗರದ ರಸ್ತೆಯಲ್ಲಿ ಅಂದು ಬೆಳಿಗ್ಗೆ ನಾನೂ ಹೆಂಡತಿಯೂ ಓಡುತ್ತಿದ್ದೆವು. ಹತ್ತು ಕಿಲೋಮೀಟರ್ ಓಟದ ಸ್ಪರ್ಧೆಗೆ ಇಬ್ಬರೂ ಹೆಸರು ಕೊಟ್ಟಿದ್ದೆವು. ಇನ್ನು ಮೂರೇ ವಾರ ಉಳಿದಿತ್ತು. ತಪ್ಪು ಬದಿಯಿಂದ ಬಂದ ಬೈಕೊಂದು ಅವಳ ಮೊಣಕೈಗೆ ತಗುಲಿ ನಿಂತಿತು. ಸವಾರ ನಕ್ಕ. ನಾನು ಅವನ ಕಪಾಳಕ್ಕೆ ಬಾರಿಸಿದೆ. ಅವನು ತೋಳಿಗೆ ಸಿಕ್ಕಿಸಿಕೊಂಡಿದ್ದ ಹೆಲ್ಮೆಟ್ ತೆಗೆದು ನನ್ನ ಬಾಯಿಗೆ ಹೊಡೆದ. ತುಟಿ ಒಡೆದು ರಕ್ತ ನಾಲಿಗೆಗೆ ಹತ್ತಿತು.

"ಸಾಕ್ರಿ, ಹೋಗ್ಲಿ ಬಿಡ್ರಿ ಅವನ್ನ!" ಹೆಂಡತಿ ನನ್ನ ಅಂಗಿ ಹಿಡಿದು ಜಗ್ಗಿದಳು.

ಅವಳನ್ನು ನೂಕಿದೆ. ಅವಳು ಡಿವೈಡರಿನ ಮೇಲೆ ಬಿದ್ದ ಸದ್ದು ಕೇಳಿಸಿತು, ತಿರುಗಿ ನೋಡಲಿಲ್ಲ. ಹೊರಟ ಬೈಕಿನ ಹಿಂದೆ ಜಿಗಿದೆ. ಎರಡೇ ಹೆಜ್ಜೆ. ಎಡಗಾಲಿನ ಮೀನಖಂಡಕ್ಕೆ ಯಾರೋ ಹಿಂದಿನಿಂದ ಕಲ್ಲು ಬೀಸಿದಂತಾಯಿತು. ಹೊಡೆಯಲೆಂದು ಕೈ ಎತ್ತಿ ತಿರುಗಿದರೆ ಹಿಂದೆ ಯಾರೂ ಇಲ್ಲ. ಕುಸಿದು ಕೂತೆ.

ಡಾಕ್ಟರು ಸ್ಕ್ಯಾನ್ ಮಾಡಿಸಿ, ಸ್ನಾಯು ಹರಿದಿದೆ, ಆರು ವಾರ ಓಡಬಾರದು ಎಂದು ಬರೆದುಕೊಟ್ಟರು. ಹೆಂಡತಿಯ ಉಳುಕಿದ ಮಣಿಕಟ್ಟಿಗೂ ಪಟ್ಟಿ ಸುತ್ತಿದರು.

ಗಾಯವಾದವರು ಸ್ಪರ್ಧೆಗೆ ಎರಡು ವಾರ ಮೊದಲೇ ಡಾಕ್ಟರ ಪತ್ರ ಕಳಿಸಿ ಕೇಳಿಕೊಂಡರೆ, ಸಂಘಟಕರು ಅವರ ಹೆಸರನ್ನು ಒಂದು ಬಾರಿ ಮುಂದಿನ ವರ್ಷಕ್ಕೆ ಹಾಕಿಕೊಡುತ್ತಿದ್ದರು. ಕಾಲು ದಿಂಬಿನ ಮೇಲಿಟ್ಟುಕೊಂಡು ಮೇಲ್ ಬರೆದು ಹೆಂಡತಿಗೆ ಓದಿ ಹೇಳಿದೆ: 'ಅಭ್ಯಾಸದ ವೇಳೆ ನಮ್ಮಿಬ್ಬರಿಗೂ ಪೆಟ್ಟಾಗಿದೆ. ಇಬ್ಬರ ಹೆಸರನ್ನೂ ಮುಂದಿನ ವರ್ಷಕ್ಕೆ ಹಾಕಿಕೊಡಬೇಕು.'

"ನನ್ನ ಹೆಸರ ಯಾಕ ಹಾಕೀರಿ?"

"ನಿನ್ನ ಕೈಗೂ ಪೆಟ್ಟಾಗೇದಲ್ಲ."

"ನಾ ಓಡಾಕಿನ. ಮತ್ತ ಇದು ಅಭ್ಯಾಸದಾಗ ಆಗಿದ್ದಲ್ರಿ. ನೀವು ನೂಕಿದ್ರಿ."

ಮೊಬೈಲನ್ನು ಗೋಡೆಗೆ ಬೀಸಬೇಕೆನಿಸಿ ಕೈ ಮೇಲೆದ್ದಿತು. ಅವಳು ಥಟ್ಟನೆ ಹಿಂದೆ ಸರಿದು ಮುಖಕ್ಕೆ ತೋಳು ಅಡ್ಡ ಹಿಡಿದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ನನಗೆ ಹೀಗೆ ಹೆದರಿದ್ದನ್ನು ಕಂಡಿರಲಿಲ್ಲ. ಕೈ ಇಳಿಸಿದೆ.

ಬರೆದದ್ದನ್ನು ಅಳಿಸಿ ಮತ್ತೆ ಬರೆದೆ: 'ಒಬ್ಬನನ್ನು ಹೊಡೆಯಲು ಬೆನ್ನಟ್ಟಿದಾಗ ನನ್ನ ಮೀನಖಂಡ ಹರಿಯಿತು. ತಡೆಯಲು ಬಂದ ಹೆಂಡತಿಯನ್ನು ನೂಕಿ ಬೀಳಿಸಿದೆ. ಅವಳು ಓಡುತ್ತಾಳೆ. ನನ್ನ ಹೆಸರನ್ನು ಮಾತ್ರ ಮುಂದಿನ ವರ್ಷಕ್ಕೆ ಹಾಕಿಕೊಡಿ.' ನೋಂದಣಿ ಸಂಖ್ಯೆ, ಡಾಕ್ಟರ ಪತ್ರ ಸೇರಿಸಿ ಕಳಿಸಿದೆ.

ಮಧ್ಯಾಹ್ನ ಸಂಘಟಕಿಯೇ ಫೋನು ಮಾಡಿ ಇಲ್ಲಿಯ ಮರಾಠಿಯಲ್ಲಿ ಮಾತಾಡಿದರು. "ಕಾರಣ ಬರೆಯಬೇಕಿರಲಿಲ್ಲ. ಪತ್ರ ಸಾಕಿತ್ತು. ನಿಮ್ಮ ಹೆಸರು ಮುಂದಿನ ವರ್ಷಕ್ಕೆ ಹಾಕಿದ್ದೇನೆ, ಅದೇ ದೂರಕ್ಕೆ." ಆಮೇಲೆ, "ಫೋನು ನಿಮ್ಮ ಹೆಂಡತಿಗೆ ಕೊಡಿ," ಎಂದರು.

ಹೆಂಡತಿ ಫೋನು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ಪರ್ಧೆಯ ದಿನ ಒಬ್ಬಳೇ ಹೋಗಿ ಓಡಿದಳು. ಅವಳು ಮನೆಗೆ ಬಂದಾಗ ನಾನು ಕುಂಟುತ್ತ ಹೋಗಿ ನೀರಿನ ಲೋಟ ಚಾಚಿದೆ. ಅವಳು ಮೊದಲು ನನ್ನ ಕೈ ನೋಡಿದಳು. ಆಮೇಲೆ ಲೋಟ ತೆಗೆದುಕೊಂಡಳು.