ಗೊತ್ತಿತ್ತು ಎಂದು ಬರೆದವಳು

ಸರ್ಕಾರಿ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಸೂಜಿ ಹಿಡಿದವಳನ್ನು ಊರು ಬೇರೆ ಏನೆಂದು ಕರೆದೀತು? ಇಂಜೆಕ್ಷನ್ ಅಕ್ಕ. ಬ್ಯಾಂಕ್ ಮ್ಯಾನೇಜರಿನಿಂದ ಹಿಡಿದು ಬಸ್ ನಿಲ್ದಾಣದಲ್ಲಿ ಹಣ್ಣು ಮಾರುವವಳವರೆಗೆ ಎಲ್ಲರೂ ಒಂದಲ್ಲ ಒಂದು ದಿನ ಆಕೆಯ ಮುಂದೆ ಹಲ್ಲು ಕಚ್ಚಿ ನಿಂತವರೇ. ದಾರಿಯಲ್ಲಿ ಸಿಕ್ಕರೆ ಗಂಡಸರು ಒಂದು ಕೈಯನ್ನು ಹಿಂದಕ್ಕೆ ಒಯ್ದು ಸೊಂಟ ಸವರಿಕೊಂಡು ನಗುತ್ತಿದ್ದರು. ಆಕೆಗೆ ಅದೇ ನಮಸ್ಕಾರ.

ನಿವೃತ್ತಿಯಾಗಿ ವಾರ ಕಳೆಯುವಷ್ಟರಲ್ಲಿ ಮೂರು ಜನ ಆಕೆಯ ಮನೆ ಹುಡುಕಿಕೊಂಡು ಬಂದರು. ಮೊದಲು ಬಂದವನು ಮನೆ-ಸೈಟಿನ ದಲ್ಲಾಳಿ. ಯಾರ ಮನೆ ಮಾರಾಟಕ್ಕಿದೆ, ಯಾರ ಮನೆಯಲ್ಲಿ ಪಾಲಿನ ಜಗಳ ಎಂದು ಕಿವಿಗೆ ಹಾಕಿದರೆ ಸಾಕು, ಬರುವ ಕಮಿಷನ್ನಿನಲ್ಲಿ ಕಾಲು ಭಾಗ ಎಂದ. "ಒಬ್ಬರು ಅಳ್ತಾ ಮಾರ್ತಾರೆ, ಇನ್ನೊಬ್ಬರು ಸಾಲ ಮಾಡಿ ಕೊಳ್ತಾರೆ. ಎರಡೂ ಕಡೆಯಿಂದ ಕೈ ಚಾಚೋದು ನನ್ನಿಂದ ಆಗಲ್ಲಪ್ಪ" ಎಂದು ಚಹಾ ಕೊಟ್ಟು ಕಳಿಸಿದಳು. ಎರಡನೆಯವನು ಸಿರಿಂಜು, ಕೈಗವಸುಗಳ ಸಗಟು ವ್ಯಾಪಾರಿ. ಆಕೆಗೆ ಪರಿಚಯವಿದ್ದ ನರ್ಸಿಂಗ್ ಹೋಮುಗಳಿಂದ ಆರ್ಡರ್ ಹಿಡಿದುಕೊಟ್ಟರೆ ಪೆಟ್ಟಿಗೆಗಿಷ್ಟು ಎಂದ. ಅವನು ತಂದ ಕೈಗವಸನ್ನು ಆಕೆ ಅಲ್ಲೇ ಹಾಕಿ ನೋಡಿದಳು. ಹೆಬ್ಬೆರಳು ಹೊರಗೆ ಬಂತು. ಆ ಮಾತು ಅಲ್ಲಿಗೇ ಮುಗಿಯಿತು.

ಮೂರನೆಯವನು ಜೀವವಿಮೆ ಕಂಪನಿಯ ಡೆವಲಪ್‌ಮೆಂಟ್ ಆಫೀಸರ್. ಏಜೆಂಟರನ್ನು ಹುಡುಕುವುದು, ಅವರಿಂದ ಪಾಲಿಸಿ ಮಾಡಿಸುವುದು ಅವನ ಕೆಲಸ.

"ನೀವು ಏನೂ ಮಾರಬೇಕಾಗಿಲ್ಲ ಅಕ್ಕ. ಮಾತಾಡಿಸಿದ್ರೆ ಸಾಕು. ನಿಮಗೆ ಪರಿಚಯ ಇರೋ ನೂರು ಜನರ ಹೆಸರು ಬರೆದುಕೊಡಿ, ನೋಡೋಣ."

ಆಕೆ ಸಂಜೆಯೊಳಗೆ ಮುನ್ನೂರ ನಲವತ್ತು ಹೆಸರು ಬರೆದಳು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡ ಕನ್ನಡಕದ ಮೇಲಿನಿಂದ ನೋಡಿದ. "ನನ್ನ ಹೆಸರೂ ಇದೆಯೇನೇ ಅದರಲ್ಲಿ?"

"ನಿಮಗೆ ವಯಸ್ಸು ಮೀರಿದೆ, ಯಾವ ಕಂಪನಿಯೂ ತಗೊಳ್ಳಲ್ಲ. ನಾನೇ ಇಟ್ಕೊಂಡಿರೋದು."

ಹೆಸರುಗಳ ಪಟ್ಟಿ ನೋಡಿ ಆಫೀಸರ್ ಹೇಳಿದ್ದು ಒಂದೇ ಮಾತು: "ಇದು ಬಂಡವಾಳ." ಮೂವತ್ತೊಂದು ವರ್ಷ ಜನ ಆಕೆಯ ಮುಂದೆ ನಾಚಿಕೆ ಬಿಟ್ಟು ನಿಂತಿದ್ದು, ಕೇಳಿದ್ದಕ್ಕೆಲ್ಲ ನಿಜ ಹೇಳಿದ್ದು, ಮಗುವನ್ನು ಆಕೆಯ ಕೈಗೆ ಕೊಟ್ಟು ಮುಖ ತಿರುಗಿಸಿಕೊಂಡಿದ್ದು, ಎಲ್ಲವೂ ಆ ಒಂದು ಪದದೊಳಗೆ ಹೋಯಿತು. ಇಂಥ ಕಂಪನಿಗಳಿಗೆ ವಿಶ್ವಾಸವನ್ನು ಹುಟ್ಟಿಸಲು ಬರುವುದಿಲ್ಲ. ಯಾರೋ ಜೀವ ತೇದು ಗಳಿಸಿದ್ದನ್ನು ಬಾಡಿಗೆಗೆ ಪಡೆಯಲು ಮಾತ್ರ ಚೆನ್ನಾಗಿ ಬರುತ್ತದೆ.

ಆದರೂ ಅಕ್ಕ ಒಪ್ಪಿದಳು. ದುಡಿಯುವ ಒಬ್ಬ ಹೋದರೆ ಮನೆಯೊಂದು ಹೇಗೆ ಕುಸಿಯುತ್ತದೆ ಎಂಬುದನ್ನು ಆಸ್ಪತ್ರೆಯ ಮೆಟ್ಟಿಲ ಮೇಲೆ ಆಕೆ ಕಣ್ಣಾರೆ ಕಂಡಿದ್ದಳು. ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ಲೈಸೆನ್ಸ್ ಪಡೆದಳು. ಮೊದಲ ವರ್ಷ ನೆಟ್ಟಗೆ ನಡೆದಳು. "ನಿಮಗೆ ಇಷ್ಟು ದೊಡ್ಡ ಪಾಲಿಸಿ ಬೇಡ, ಮುಂದಿನ ವರ್ಷ ಕಂತು ಕಟ್ಟೋಕಾಗದೆ ಬಿಟ್ಟರೆ ಕಟ್ಟಿದ್ದೂ ಹೋಗತ್ತೆ" ಎಂದು ಜನರಿಗೆ ತಾನೇ ಹೇಳುತ್ತಿದ್ದಳು. ಆಫೀಸರ್ ಹಣೆ ಚಚ್ಚಿಕೊಳ್ಳುತ್ತಿದ್ದ.

ಎರಡನೇ ವರ್ಷದ ಕೊನೆಯಲ್ಲಿ ಕಾಲು ಜಾರಿತು. ಏಜೆನ್ಸಿ ಉಳಿಯಬೇಕಾದರೆ ವರ್ಷಕ್ಕೆ ಹನ್ನೆರಡು ಪಾಲಿಸಿ ಆಗಲೇಬೇಕು. ಹನ್ನೊಂದಾಗಿದ್ದವು, ನಾಲ್ಕೇ ದಿನ ಉಳಿದಿದ್ದವು. ಹನ್ನೆರಡನೆಯವನು ವೆಲ್ಡಿಂಗ್ ಅಂಗಡಿಯವನು. ಮೂವತ್ತೈದರ ಪ್ರಾಯ, ಇಬ್ಬರು ಹೆಣ್ಣುಮಕ್ಕಳು. ಅವನೇ ಕರೆಸಿದ್ದ.

ಅಂಗಡಿಯಲ್ಲಿ ಅರ್ಧ ಆಗಿದ್ದ ಕಬ್ಬಿಣದ ಗೇಟೊಂದನ್ನು ಗೋಡೆಗೆ ಒರಗಿಸಿ, ಸ್ಟೂಲು ಒರೆಸಿ ಆಕೆಯನ್ನು ಕೂರಿಸಿದ. ಹೆಸರು, ವಿಳಾಸ, ವಾರಸುದಾರಳಾಗಿ ಹೆಂಡತಿಯ ಹೆಸರು ಎಲ್ಲ ಮುಗಿದು ಆರೋಗ್ಯದ ಪ್ರಶ್ನೆಗಳು ಬಂದವು. ಹೃದಯದ ಕಾಯಿಲೆ ಉಂಟೇ? ಮೊದಲು ಯಾವುದಾದರೂ ದೀರ್ಘ ಚಿಕಿತ್ಸೆ ಪಡೆದಿದ್ದೀರಾ?

"ಅಕ್ಕಾ, ಆ ಇಂಜೆಕ್ಷನ್ ವಿಷಯ ಬರೀಬೇಕು ಅಲ್ವಾ?" ಅವನೇ ಕೇಳಿದ.

ಬರೆಯಬೇಕಿತ್ತು. ಒಂಬತ್ತನೇ ವಯಸ್ಸಿನಲ್ಲಿ ಅವನಿಗೆ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತು. ಆ ಜ್ವರ ಹೃದಯದ ಕವಾಟವನ್ನು ಮುಟ್ಟಿ ಹೋಗಿತ್ತು. ಅಲ್ಲಿಂದ ಇಪ್ಪತ್ತೊಂದು ತುಂಬುವವರೆಗೆ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್. ಗಟ್ಟಿ ಮದ್ದು, ದಪ್ಪ ಸೂಜಿ. ಚುಚ್ಚಿದ ಕೈ ಆಕೆಯದೇ.

ಅಕ್ಕ ಆಫೀಸರನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ನಕ್ಕ. "ಈಗ ಕೆಲಸ ಮಾಡ್ಕೊಂಡು ಗಟ್ಟಿಯಾಗಿದ್ದಾರೆ ತಾನೇ? ಸಣ್ಣ ಮೊತ್ತದ ಪಾಲಿಸಿ, ಡಾಕ್ಟರ್ ತಪಾಸಣೆನೂ ಇಲ್ಲ. ಹೌದು ಅಂತ ಬರೆದ್ರೆ ಆ ಟೆಸ್ಟು ಈ ಟೆಸ್ಟು ಅಂತ ಶುರುವಾಗತ್ತೆ. ಆಮೇಲೆ ಕಂತು ಜಾಸ್ತಿ ಮಾಡ್ತಾರೆ, ಇಲ್ಲಾಂದ್ರೆ ಬೇಡ ಅಂತಾರೆ. ಇಲ್ಲ ಅಂತ ಹಾಕಿ ಅಕ್ಕ. ಅವರ ಮಕ್ಕಳ ಮುಖ ನೋಡಿ."

ಮಕ್ಕಳ ಮುಖ ನೋಡಿದಳೋ, ಹನ್ನೆರಡು ಎಂಬ ಅಂಕಿ ನೋಡಿದಳೋ ಎಂದು ಆಮೇಲೆ ತನ್ನನ್ನು ತಾನೇ ಎಷ್ಟು ಸಲ ಕೇಳಿಕೊಂಡರೂ ಆಕೆಗೆ ಬಗೆಹರಿಯಲಿಲ್ಲ. ಇಲ್ಲ, ಇಲ್ಲ, ಇಲ್ಲ ಎಂದು ತನ್ನ ಕೈಯಿಂದಲೇ ಬರೆದಳು. ವೆಲ್ಡಿಂಗ್ ಅಂಗಡಿಯವನು "ನಿಮಗೆ ಗೊತ್ತಲ್ಲ ಅಕ್ಕ" ಎಂದು ಸಹಿ ಹಾಕಿದ. ಏಜೆಂಟ್ ತುಂಬಬೇಕಾದ ಗೋಪ್ಯ ವರದಿಯ ಹಾಳೆ ಬೇರೆಯೇ ಇತ್ತು. ಅದರಲ್ಲಿ, ಈ ವ್ಯಕ್ತಿಯನ್ನು ಎಷ್ಟು ಕಾಲದಿಂದ ಬಲ್ಲಿರಿ ಎಂಬ ಪ್ರಶ್ನೆಗೆ ಇಪ್ಪತ್ತಾರು ವರ್ಷ ಎಂದು ಬರೆದಳು. ಹಳೇ ಪರಿಚಯ ಅಂದರೆ ಕಚೇರಿಯಲ್ಲಿ ಹೆಚ್ಚು ಕೆದಕುವುದಿಲ್ಲ ಎಂದು ಆಫೀಸರನಿಗೆ ಅದನ್ನು ನೋಡಿ ಖುಷಿ.

ಪಾಲಿಸಿಯಾದ ಎರಡು ವರ್ಷ ನಾಲ್ಕು ತಿಂಗಳಿಗೆ ವೆಲ್ಡಿಂಗ್ ಅಂಗಡಿಯವನು ಕೆಲಸದ ನಡುವೆ ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದ. ಮೂರನೇ ದಿನ ಇರಲಿಲ್ಲ.

ಪಾಲಿಸಿ ಮಾಡಿದ ಮೂರು ವರ್ಷದೊಳಗೆ ಸಾವು ಬಂದರೆ ಕಂಪನಿ ಸುಮ್ಮನೆ ಹಣ ಕೊಡುವುದಿಲ್ಲ, ತನಿಖೆ ಮಾಡಿಸುತ್ತದೆ. ಆಸ್ಪತ್ರೆಯ ಕೇಸ್ ಶೀಟಿನಲ್ಲಿ "ಬಾಲ್ಯದಿಂದ ಕವಾಟದ ತೊಂದರೆ" ಎಂದು ಒಂದು ಸಾಲು ಇತ್ತು. ಅಷ್ಟು ಸಾಕಾಯಿತು.

ತನಿಖೆಯವನಿಗಿಂತ ಒಂದು ದಿನ ಮುಂಚೆ ಆಫೀಸರ್ ಬಂದ. ಈ ಸಲ ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದ.

"ಅಕ್ಕಾ, ನಾಳೆ ಕೇಳಿದ್ರೆ ಕಾಯಿಲೆ ವಿಷಯ ನನಗೆ ಗೊತ್ತಿರಲಿಲ್ಲ ಅನ್ನಿ. ಅವರೇ ಮುಚ್ಚಿಟ್ಟರು ಅನ್ನಿ."

"ನನಗೆ ಗೊತ್ತಿರಲಿಲ್ವಾ?"

"ಆಸ್ಪತ್ರೇಲಿ ದಿನಕ್ಕೆ ನೂರು ಜನ ಬರ್ತಾರೆ. ಯಾರು ಅಂತ ನೆನಪಿಟ್ಕೊಳ್ತೀರಿ?"

"ಯಾರನ್ನೂ ಮರೆಯಲ್ಲ ಅಂತ ತಾನೇ ನೀನು ನನ್ನ ಬಾಗಿಲಿಗೆ ಬಂದಿದ್ದು?"

ಆಫೀಸರ್ ಕಿಟಕಿಯ ಹತ್ತಿರ ಬಂದು ನಿಂತ. "ಹೇಗಿದ್ರೂ ಆ ಹೆಂಗಸಿಗೆ ಹಣ ಬರಲ್ಲ. ನೀವ್ಯಾಕೆ ಮುಳುಗ್ತೀರಿ? ನಿಮ್ಮ ಏಜೆನ್ಸಿ ಹೋಗತ್ತೆ, ಹಳೇ ಪಾಲಿಸಿಗಳ ಕಮಿಷನ್ ಹೋಗತ್ತೆ. ನನ್ನ ಕೆಲಸಾನೂ ಹೋಗತ್ತೆ."

ಹೊಲಿಗೆ ಯಂತ್ರ ನಿಂತಿತು. "ಮಾತು ಮುಗೀತಾ ಸಾಹೇಬ್ರೇ?" ಎಂದ ಆಕೆಯ ಗಂಡ. "ಮುಗಿದಿದ್ರೆ ಸ್ವಲ್ಪ ಪಕ್ಕಕ್ಕೆ ಬನ್ನಿ, ಬೆಳಕಿಗೆ ಅಡ್ಡ ನಿಂತಿದ್ದೀರಿ."

ಮರುದಿನ ಬಂದ ತನಿಖೆಯವನು ಬಡಕಲು ಮನುಷ್ಯ, ದನಿಯಲ್ಲಿ ಆಯಾಸ. ಬಿಳಿ ಹಾಳೆಯೊಂದನ್ನು ಮೇಜಿನ ಮೇಲಿಟ್ಟ. "ನಿಮಗೆ ಗೊತ್ತಿದ್ದಷ್ಟನ್ನ ನಿಮ್ಮ ಕೈಯಲ್ಲೇ ಬರೆದುಕೊಡಿ ಅಮ್ಮ."

"ನಾನು ಏನು ಬರೆದ್ರೂ ಅವನ ಹೆಂಡತಿಗೆ ಹಣ ಬರಲ್ವಂತೆ. ಹೌದಾ?"

"ಹಾಗಂದೋರು ಯಾರು?" ಅವನು ಪೆನ್ನಿನ ಮುಚ್ಚಳ ತೆಗೆದು ಆಕೆಯ ಮುಂದಿಟ್ಟ. "ನಾನು ಸಲಹೆ ಕೊಡೋ ಹಾಗಿಲ್ಲ. ಕಾನೂನು ಏನಿದೆ ಅಂತ ಹೇಳಬಹುದು. ಪಾಲಿಸಿ ಮಾತಾಡಿ ಮಾಡಿಸಿದ ಏಜೆಂಟ್ ಆ ಕೆಲಸದಲ್ಲಿ ಕಂಪನಿಯ ಮನುಷ್ಯ ಅಂತ ಲೆಕ್ಕ. ಗಿರಾಕಿ ನಿಮಗೆ ನಿಜ ಹೇಳಿದ್ರೆ ಕಂಪನಿಗೆ ಹೇಳಿದ ಹಾಗೆ ಅಂತ ವಾದ ಮಾಡಬಹುದು. ಆಗ ಮೋಸ ಮಾಡಿದ ಅನ್ನೋದು ನಿಲ್ಲೋದು ಕಷ್ಟ. ಅವರು ನಿಮಗೂ ಹೇಳಿರಲಿಲ್ಲ ಅಂದ್ರೆ ಮಾತ್ರ, ಕಂಪನಿ ಕೈ ತೊಳ್ಕೊಳ್ಳತ್ತೆ."

ಆಫೀಸರ್ ಒಂದು ದಿನ ಮುಂಚೆ ಓಡಿ ಬಂದದ್ದೇಕೆಂದು ಅಕ್ಕನಿಗೆ ಆಗ ಅರ್ಥವಾಯಿತು. ಎಲ್ಲರ ಪರಿಚಯವಿದೆ ಎಂದು ಕೆಲಸ ಕೊಟ್ಟವರು, ಪರಿಚಯ ತಮಗೇ ಭಾರವಾದಾಗ ಪರಿಚಯವೇ ಇರಲಿಲ್ಲ ಅನ್ನು ಎನ್ನುತ್ತಿದ್ದಾರೆ. ಅದೂ ಸತ್ತವನ ತಲೆಯ ಮೇಲೆ ಹಾಕಿ. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲವಲ್ಲ!

ಆಕೆ ಬರೆದಳು. ಕಾಯಿಲೆ ತನಗೆ ಗೊತ್ತಿತ್ತು. ಚುಚ್ಚುಮದ್ದು ಕೊಟ್ಟವಳು ತಾನೇ. ಅದನ್ನು ಬರೆಯಬೇಕೇ ಎಂದು ಅವನೇ ಬಾಯಿಬಿಟ್ಟು ಕೇಳಿದ. ಆಫೀಸರನನ್ನು ಕೇಳಿ ಇಲ್ಲ ಎಂದು ತುಂಬಿದ್ದು ತನ್ನ ಕೈ. ಕೆಳಗೆ ಸಹಿ ಹಾಕಿ ಹಾಳೆಯನ್ನು ತನಿಖೆಯವನತ್ತ ಸರಿಸಿದಳು.

ಇಷ್ಟು ಬರೆದರೂ ಕಂಪನಿ ಹಣ ಕೊಡಲಿಲ್ಲ. ಮೃತರು ಕಾಯಿಲೆ ಮುಚ್ಚಿಟ್ಟು ವಂಚಿಸಿದ್ದಾರೆ ಎಂದು ಪತ್ರ ಬಂತು. ವೆಲ್ಡಿಂಗ್‌ನವನ ಹೆಂಡತಿ ಆ ಪತ್ರವನ್ನು ಹಿಡಿದು ಅಕ್ಕನ ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ.

"ಹಣ ಬರದಿದ್ರೆ ದುಡಿದು ತಿಂತೀವಿ ಅಕ್ಕ. ಮೋಸಗಾರ ಅಂತ ಬರೆದಿದ್ದಾರಲ್ಲ, ನನ್ನ ಮಕ್ಕಳಿಗೆ ಓದೋಕೆ ಬರತ್ತೆ. ದೊಡ್ಡವಳು ಓದಿದ್ಳು."

ಅಕ್ಕ ಪತ್ರ ತೆಗೆದುಕೊಂಡು ಕೊನೆಯ ಸಾಲಿನವರೆಗೆ ಓದಿದಳು. ಒಂದು ಉಪಾಯವಿತ್ತು. ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಅಧಿಕಾರಿಗೆ ಇಬ್ಬರೂ ಕೂತು ಅರ್ಜಿ ಬರೆದರು. ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ ಎಂಬುದನ್ನು ಕಂಪನಿ ತನ್ನ ಪತ್ರದ ತೀರ ಕೆಳಗೆ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೇಳಿತ್ತು.

ವಿಚಾರಣೆಯ ಕೋಣೆಯಲ್ಲಿ ಉದ್ದ ಮೇಜು, ಆರು ಕುರ್ಚಿ, ಕಿಟಕಿಗೆ ಹಳದಿ ಪರದೆ. ಕಂಪನಿಯ ಕಡೆಯ ತರುಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, "ಏಜೆಂಟ್ ಮಾಡಿದ ತಪ್ಪಿಗೆ ಕಂಪನಿ ಹೊಣೆಯಲ್ಲ. ಕಂಪನಿಗೆ ಏನೂ ತಿಳಿದಿರಲಿಲ್ಲ" ಎಂದ.

ಅಧಿಕಾರಿ ಅಕ್ಕನತ್ತ ತಿರುಗಿದರು. "ನೀವೇನು ಹೇಳ್ತೀರಿ?"

"ಸ್ವಾಮಿ, ತಪ್ಪು ನನ್ನದು. ಶಿಕ್ಷೆ ನನಗೆ ಕೊಡಿ. ಆದ್ರೆ ಆ ಮನುಷ್ಯ ಮುಚ್ಚಿಡಲಿಲ್ಲ. ಅವನನ್ನ ಇಪ್ಪತ್ತಾರು ವರ್ಷದಿಂದ ಬಲ್ಲೆ ಅಂತ ಇವರ ಹಾಳೆಯಲ್ಲೇ ಬರೆದಿದ್ದೀನಿ. ಆಸ್ಪತ್ರೆ ನರ್ಸು ಅವನನ್ನ ಹೇಗೆ ಬಲ್ಲಳು ಅಂತ ಇವರಲ್ಲಿ ಒಬ್ಬರಾದ್ರೂ ಕೇಳಬೇಕಿತ್ತು. ಕೇಳಲಿಲ್ಲ. ಕಂತು ಮಾತ್ರ ತಗೊಂಡ್ರು."

ತರುಣ ತನ್ನ ಕಡತದಲ್ಲಿ ಆ ಹಾಳೆ ಹುಡುಕಿದ. ಸಿಕ್ಕಿತು. ಓದಿ, ಮೆಲ್ಲಗೆ ಕಡತದ ಅಡಿಗೆ ತಳ್ಳಿದ. ಅಧಿಕಾರಿ ಕೈ ಚಾಚಿದರು. ಕೊಡಲೇಬೇಕಾಯಿತು.

ಅಕ್ಕನ ಏಜೆನ್ಸಿ ಅದಕ್ಕೂ ಮೊದಲೇ ರದ್ದಾಗಿತ್ತು, ಹಳೇ ಪಾಲಿಸಿಗಳ ಕಮಿಷನ್ನೂ ನಿಂತಿತ್ತು. ಆಫೀಸರನನ್ನು ಇನ್ನೊಂದು ಶಾಖೆಗೆ ವರ್ಗ ಮಾಡಿದರು. ಅಷ್ಟೇ. ಅಲ್ಲಿ ಅವನು ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ ಕೂತು ನೂರು ಹೆಸರು ಬರೆಸುತ್ತಿದ್ದಾನೆಂದು ಯಾರೋ ಹೇಳಿದರು.

ಆರು ವಾರದ ಮೇಲೆ ಆದೇಶ ಬಂತು. ವೆಲ್ಡಿಂಗ್‌ನವನ ಹೆಂಡತಿ ಲಕೋಟೆ ಒಡೆಯದೆಯೇ ತಂದಳು. ಈ ಸಲ ಒಳಗೆ ಬಂದು ಕೂತಳು. ಅಕ್ಕ ಓದಿದಳು. ಕಂಪನಿ ಪೂರ್ತಿ ಹಣ ಕೊಡಬೇಕು ಎಂದಿತ್ತು. ಅವಳು ತಲೆಯಾಡಿಸಿದಳು.

"ಅವರ ಬಗ್ಗೆ ಏನು ಬರೆದಿದ್ದಾರೆ?"

ಅಕ್ಕ ಹಾಳೆ ತಿರುಗಿಸಿ ಹುಡುಕಿದಳು. "ಮೃತರು ತಮ್ಮ ಕಾಯಿಲೆಯನ್ನು ಏಜೆಂಟರಿಗೆ ಪ್ರಾಮಾಣಿಕವಾಗಿ ತಿಳಿಸಿದ್ದರು. ವಂಚನೆಯ ಆರೋಪ ಸಾಬೀತಾಗಿಲ್ಲ."

"ಅದರ ಕೆಳಗೆ?"

ಕೆಳಗಿನ ಸಾಲು ಅಕ್ಕನ ಬಗ್ಗೆ ಇತ್ತು. ಅದನ್ನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. "ಏಜೆಂಟರು ತಿಳಿದೂ ಸುಳ್ಳು ಉತ್ತರ ತುಂಬಿದ್ದಾರೆ" ಎಂದು ಅದೇ ದನಿಯಲ್ಲಿ ಓದಿದಳು.

ವೆಲ್ಡಿಂಗ್‌ನವನ ಹೆಂಡತಿ ಹಾಳೆ ತೆಗೆದುಕೊಂಡು, ಮಡಚಿ, ಎದ್ದಳು. ಬಾಗಿಲವರೆಗೆ ಹೋಗಿ ನಿಂತಳು.

"ಸಂಜೆ ಮನೆಗೆ ಬನ್ನಿ ಅಕ್ಕ. ದೊಡ್ಡವಳಿಗೆ ನೀವೇ ಓದಿ ಹೇಳಿ. ಎರಡೂ ಸಾಲು."