‘ಓ’ ಮುಂದಿನ ಮೂರು

ಅವರಿಗೆ ದೀರ್ಘಕ್ಕ ಎಂದು ಹೆಸರಿಟ್ಟವನು ನಾನೇ. ಎಲ್ಲೋ ಒಂದು ದೀರ್ಘ ಬಿಟ್ಟುಹೋದರೆ ಊಟ ಸೇರದ ಹೆಂಗಸಿಗೆ ಇನ್ನೇನು ಹೆಸರಿಡಲಿ? ಕಣ್ಣು ಕಾಣದವರಿಗಾಗಿ ಪುಸ್ತಕ ಸಿದ್ಧಮಾಡುವ ನಮ್ಮ ಪುಟ್ಟ ಕಚೇರಿಯಲ್ಲಿ ಅವರು ಟೈಪು ಮಾಡುವವರು, ನಾನು ಕರಡು ತಿದ್ದುವವನು. ಹನ್ನೊಂದು ವರ್ಷದಿಂದ ಎದುರುಬದುರು ಮೇಜು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನಾನು ಕೂಗಾಡುವಷ್ಟೂ ಹೊತ್ತು ಅವರು ಕನ್ನಡಕ ಒರೆಸುತ್ತ ಕೂತಿರುತ್ತಿದ್ದರು.

ಆ ವರ್ಷ ಬಂದದ್ದು ಆಡುಮಾತಿನ ಒಂದು ಹಳೆಯ ನಿಘಂಟು. ಮುಟ್ಟಿದರೆ ಪುಡಿಯಾಗುವಂಥದ್ದು; ಅದಕ್ಕೇ ಗ್ರಂಥಾಲಯದವರು ಪುಟಗಳ ಫೋಟೋ ತೆಗೆದು ಕಳಿಸುತ್ತಿದ್ದರು. ಒಂದೊಂದು ನಮೂದೂ ಇರುವೆ ಸಾಲು. ‘ನಾ.’ ಅಂತೆ, ‘ಕ್ರಿ.’ ಅಂತೆ, ‘ನೋ.’ ಅಂತೆ, ನಡುನಡುವೆ ಅಂಕಿಗಳು ಬೇರೆ. ಓದುವ ಯಂತ್ರಕ್ಕೆ ಹಾಗೇ ಕೊಟ್ಟರೆ ‘ನಾ’ ಎಂದು ಒದರಿ ಮುಂದೆ ಹೋಗುತ್ತದೆ, ಕೇಳುವವರಿಗೆ ತಲೆಬುಡ ತಿಳಿಯುವುದಿಲ್ಲ. ದೀರ್ಘಕ್ಕ ಅದನ್ನು ಬಿಡಿಸಿಡುತ್ತಿದ್ದರು. ಪದಕ್ಕೊಂದು ಸಾಲು, ಉಚ್ಚಾರಣೆಗೊಂದು ಸಾಲು, ‘ನಾ.’ ಇದ್ದಲ್ಲಿ ‘ನಾಮಪದ’, ಒಂದೊಂದು ಅರ್ಥಕ್ಕೂ ಬೇರೆ ಸಾಲು.

ಹಿಂದಿನ ವರ್ಷ ಅವರ ಅಕ್ಕ ತೀರಿಕೊಂಡಿದ್ದರು. ತಾಯಿಯಿಲ್ಲದ ತಂಗಿಯನ್ನು ಸಾಕಿದ ಅಕ್ಕ. ಇಬ್ಬರೇ ಇದ್ದ ಮನೆ. ದೀರ್ಘಕ್ಕ ಒಂದು ವಾರ ರಜೆ ಹಾಕಿ, ಮತ್ತೆ ಬಂದು ಕೂತು ಟೈಪು ಮಾಡತೊಡಗಿದರು. ನಾನೂ ಏನೂ ಕೇಳಲಿಲ್ಲ, ನನಗೆ ಅಂಥ ಮಾತು ಬರುವುದಿಲ್ಲ.

ಒಂದು ಮಧ್ಯಾಹ್ನ ಈ ನಮೂದು ಬಂತು: ‘ಓ೩ ಅವ್ಯ. ೧. ಕರೆದವರಿಗೆ ಕೊಡುವ ಉತ್ತರ. ೨. ದೂರದವರನ್ನು ಕರೆಯುವ ಕೂಗು.’ ದೀರ್ಘಕ್ಕ ಅದನ್ನು ಹೀಗೆ ಬಿಡಿಸಿದ್ದರು:

ಪದ: ಓ
ಉಚ್ಚಾರಣೆ: ಮೂರು ಮಾತ್ರೆ ಕಾಲ ಎಳೆದು ಹೇಳಬೇಕು
ಪದದ ಬಗೆ: ಅವ್ಯಯ
ಅರ್ಥ ಒಂದು: ಕರೆದವರಿಗೆ ಕೊಡುವ ಉತ್ತರ
ಅರ್ಥ ಎರಡು: ದೂರದವರನ್ನು ಕರೆಯುವ ಕೂಗು

“ಈ ಎರಡನೇ ಸಾಲು ಎಲ್ಲಿಂದ ಬಂತು ದೀರ್ಘಕ್ಕ? ಫೋಟೋದಲ್ಲಿ ಇಲ್ವಲ್ಲ!” ಎಂದೆ.

“ಇದೆ ಸರ್. ಆ ಮೂರು.”

“ಅಯ್ಯೋ, ಅದು ಮೂರನೇ ‘ಓ’ ಅಂತ ಕಣ್ರೀ! ಒಂದೇ ಥರ ಇರೋ ಪದಗಳಿಗೆ ನಂಬರ್ ಹಾಕಲ್ವಾ? ಮೊದಲೆರಡು ಹಿಂದಿನ ಪುಟದಲ್ಲಿರುತ್ತೆ.” ಕೆಂಪು ಪೆನ್ನಿನಿಂದ ಸಾಲು ಹೊಡೆದು, ‘ಓ, ಮೂರನೆಯ ನಮೂದು’ ಎಂದು ಬರೆದೆ. ನಾಲ್ಕು ಗಂಟೆಗೆ ಫೈಲು ಕೇಳುಗರಿಗೆ ಹೋಗಬೇಕಿತ್ತು.

ದೀರ್ಘಕ್ಕ ಎದ್ದು ನಿಂತರು. ಕನ್ನಡಕ ಒರೆಸಲಿಲ್ಲ.

“ಅದನ್ನ ಹೊಡೀಬೇಡಿ ಸರ್. ಅದು ನಮ್ಮಕ್ಕನ ಓ. ಬಾಗಿಲಲ್ಲಿ ಚಪ್ಪಲಿ ಬಿಡ್ತಾ ‘ಅಕ್ಕಾ’ ಅಂದ್ರೆ ಒಳಗಿಂದ ಅಷ್ಟುದ್ದ ಬರೋದು. ಗಿಡ್ಡ ಮಾಡಿದ್ರೆ ಅದು ಬರೀ ಅಕ್ಷರ ಆಗುತ್ತೆ, ಉತ್ತರ ಆಗಲ್ಲ. ಈಗ್ಲೂ ಕರೀತೀನಿ ಸರ್, ಬಾಯಿಗೆ ಬಂದ್ಬಿಡುತ್ತೆ. ಒಂದ್ಸಲ, ಒಂದೇ ಸಲ ಆ ಓ ಕೇಳಿದ್ರೆ ಸಾಕು ಅನ್ಸುತ್ತೆ.”

“ನಿಘಂಟು ನಿಮ್ಮ ಮನೆ ಕಥೆ ಅಲ್ಲ,” ಎಂದುಬಿಟ್ಟೆ. ನನ್ನ ಈ ನಾಲಿಗೆಗೆ ಬೆಂಕಿ ಬೀಳ!

ಅವರು ಗ್ರಂಥಾಲಯಕ್ಕೆ ಫೋನು ಮಾಡಿ, ನಿಘಂಟಿನ ಮೊದಲಲ್ಲಿ ಸಂಕೇತಗಳನ್ನು ವಿವರಿಸುವ ಪುಟ ಇರುತ್ತಲ್ಲ, ಅದರ ಫೋಟೋ ಕೇಳಿದರು. ಆಮೇಲೆ ಕಾಗದ ತರಲೆಂದು ಹಿಂದಿನ ಉಗ್ರಾಣಕ್ಕೆ ಹೋದರು. ಕಾಗದ ಬೇಕಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಮೂರೂವರೆಗೆ ಫೋಟೋ ಬಂತು. ಹಿಗ್ಗಿಸಿ ನೋಡಿದೆ: ‘ಸಮರೂಪದ ಪದಗಳ ಕ್ರಮಸಂಖ್ಯೆ ಪದಕ್ಕಿಂತ ಮೊದಲು ಬರುತ್ತದೆ. ಸ್ವರದ ನಂತರ ಬರುವ ೩ ಪ್ಲುತದ ಗುರುತು. ಆ ಸ್ವರವನ್ನು ಮೂರು ಮಾತ್ರೆ ಕಾಲ ಎಳೆಯಬೇಕು.’ ನನ್ನ ಮುಖಕ್ಕೆ ಮಂಗಳಾರತಿಯಾದಂತಾಯಿತು. ನಾನು ಬರೆದದ್ದನ್ನು ಹೊಡೆದುಹಾಕಿ, ಅವರ ಸಾಲನ್ನು ಅಕ್ಷರ ಬದಲಿಸದೆ ಮತ್ತೆ ಸೇರಿಸಿದೆ.

ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಕೂತಲ್ಲಿಂದಲೇ ಗಟ್ಟಿಯಾಗಿ ಕೂಗಿದೆ: “ದೀರ್ಘಕ್ಕಾ!”

ಎದುರಿಗಿದ್ದಾಗ ಅವರು ‘ಹೇಳಿ ಸರ್’ ಎನ್ನುವವರು. ಈಗ ಉಗ್ರಾಣದ ಕಪಾಟುಗಳ ಹಿಂದಿನಿಂದ ಬಂತು:

“ಓ...”

ನನಗರಿವಿಲ್ಲದೆ ಬೆರಳು ಮಡಚಿದ್ದೆ. ಸರಿಯಾಗಿ ಮೂರು.

ಆಮೇಲೆ ಒಳಗಿಂದ ಸದ್ದೇ ಇಲ್ಲ. ಗಾಬರಿಯಾಗಿ ಹೋಗಿ ನೋಡಿದರೆ, ದೀರ್ಘಕ್ಕ ಕಾಗದದ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದಾರೆ, ಕಣ್ಣು ತುಂಬಿದೆ.

“ಏನಾಯ್ತ್ರೀ?”

“ಅವಳ ಥರಾನೇ ಬಂತು ಸರ್. ನನ್ನ ಬಾಯಲ್ಲೇ ಇತ್ತಾ ಇದು? ಮನೇಲಿ ನಾನು ಕರೀತಾನೇ ಇದ್ದೆ. ನನ್ನನ್ನ ಕರೆಯೋರು ಇರ್ಲಿಲ್ಲ, ಗೊತ್ತಾಗ್ಲಿಲ್ಲ.”

ಸಾಲು ಸರಿಯಿತ್ತು, ತಪ್ಪು ನನ್ನದು ಎಂದು ಹೇಗೋ ತೊದಲಿದೆ. ಅವರ ಕಿವಿಗೆ ಅದು ಬಿದ್ದಂತೆ ಕಾಣಲಿಲ್ಲ.

“ಅಲ್ಲೇ ಹೋಗಿ ಕೂತ್ಕೊಂಡು,” ಎಂದರು, “ಇನ್ನೊಂದ್ಸಲ ಕರೀತೀರಾ ಸರ್?”

ಹೋಗಿ ಕೂತು ಕರೆದೆ.