ಗಂಡನ ಬದಲಿಗೆ ಕೊಟ್ಟ ರಕ್ತ

ಅರಸೀಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಯ ಕೋಣೆ ಹಿಂಬದಿಗಿದೆ. ನಾನು ಅಲ್ಲಿ ಆಪ್ತಸಮಾಲೋಚಕಿ. ಪರೀಕ್ಷೆಗೆ ಬಂದವರೊಡನೆ ರಕ್ತ ಕೊಡುವ ಮೊದಲು ಒಮ್ಮೆ, ಫಲಿತಾಂಶ ಬಂದ ಮೇಲೆ ಒಮ್ಮೆ ಮಾತಾಡುವುದು ನನ್ನ ಕೆಲಸ. ಕಣಕಟ್ಟೆಯಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಕೆಲಸದ ವಿಷಯ ಮನೆಯಲ್ಲಿ ಹೇಳುವಂತಿಲ್ಲ, ಹೇಳುವ ಸ್ವಭಾವವೂ ನನ್ನದಲ್ಲ.

ಅವರೆಕಾಯಿಯ ಕಾಲದಲ್ಲಿ ಮಾದಿಹಳ್ಳಿ ಕಡೆಯ ಒಬ್ಬಳು ಬಂದಳು. ನನ್ನದೇ ವಯಸ್ಸು. ಬೇಲೂರು ಹತ್ತಿರವಾಗಿದ್ದರೂ ಅಲ್ಲಿ ಗುರುತಿನವರು ಸಿಗುತ್ತಾರೆಂದು ಜಾವಗಲ್‌ನಲ್ಲಿ ಬಸ್ಸು ಬದಲಿಸಿ ಇಲ್ಲಿಗೆ ಬಂದಿದ್ದಳು. ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ಖಾಸಗಿ ನರ್ಸಿಂಗ್ ಹೋಮಿನ ಸರ್ಜನ್ ಬರೆದದ್ದು. ಹರ್ನಿಯಾ ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ರಿಯಾಕ್ಟಿವ್ ಬಂದಿದೆ, ದಯವಿಟ್ಟು ಖಚಿತಪಡಿಸಿ ಎಂದಿತ್ತು. ಚೀಟಿಯಲ್ಲಿದ್ದ ಹೆಸರು ಗಂಡಸಿನದು.

"ಇವರು ಎಲ್ಲಿ?"

"ನಮ್ಮನೆಯವ್ರು. ಬರಲಿಲ್ಲ. ನನ್ನದು ನೋಡಿ ಮೇಡಂ. ನನ್ನ ರಕ್ತ ಚೆನ್ನಾಗಿದ್ರೆ ಅವರದ್ದೂ ಚೆನ್ನಾಗೇ ಇರ್ತೈತೆ ಅಂದ್ರು."

ಅವಳು ಅದನ್ನು ಹೇಳಿದ ರೀತಿಯಲ್ಲಿ ಅನುಮಾನವೇ ಇರಲಿಲ್ಲ. ಜಾತಕ ತೋರಿಸುವಾಗ, ಹರಕೆ ತೀರಿಸುವಾಗ, ಮನೆಗೆ ಬಂದ ದೋಷ ಕಳೆಯುವಾಗ ಅವಳನ್ನು ಮುಂದೆ ಕೂರಿಸುವುದೇ ಅವರ ಮನೆಯಲ್ಲಿ ಅಭ್ಯಾಸ. ಇದೂ ಹಾಗೇ ಒಂದು ಎಂದುಕೊಂಡಿದ್ದರು.

ಅವರ ಫಲಿತಾಂಶ ಅವರ ರಕ್ತದಿಂದಲೇ ಬರಬೇಕು ಎಂದೆ. ರಿಯಾಕ್ಟಿವ್ ಅಂದರೆ ಏನೆಂದು ಕೇಳಿದಳು. ನಾನು ಎಲ್ಲರಿಗೂ ಹೇಳುವ ಹಾಗೆ ಹೇಳಿದೆ: "ಮನೆ ನಾಯಿ ಯಾರು ಬಂದರೂ ಬೊಗಳುತ್ತೆ. ಕಳ್ಳ ಬಂದರೂ ಬೊಗಳುತ್ತೆ, ನೆಂಟರು ಬಂದರೂ ಬೊಗಳುತ್ತೆ. ಮೊದಲನೇ ಪರೀಕ್ಷೆ ಹಾಗೆ. ಒಂದೂ ತಪ್ಪಿ ಹೋಗಬಾರದು ಅಂತ ಮಾಡಿರೋದು. ಅದಕ್ಕೇ ಕೆಲವೊಮ್ಮೆ ಕಾಯಿಲೆ ಇಲ್ಲದಿದ್ದರೂ ರಿಯಾಕ್ಟಿವ್ ಅನ್ನುತ್ತೆ. ಬೇರೆ ಬೇರೆ ಥರದ ಇನ್ನೆರಡು ಕಿಟ್‌ನಲ್ಲಿ ನೋಡಿ, ಮೂರೂ ಒಂದೇ ಹೇಳಿದರೆ ಮಾತ್ರ ಕಾಯಿಲೆ ಇದೆ ಅಂತ ಬರೆಯುತ್ತೇವೆ."

"ಹಂಗಾದ್ರೆ ಸುಳ್ಳೂ ಇರಬಹುದು?"

"ಇರಬಹುದು. ನಿಜವೂ ಇರಬಹುದು. ಅವರು ಬಂದರೇ ಗೊತ್ತಾಗೋದು."

ಅವಳ ಪರೀಕ್ಷೆಗೆ ಅವಳೇ ಒಪ್ಪಿ ಸಹಿ ಹಾಕಿದಳು. ನಮ್ಮ ಟೆಕ್ನಿಷಿಯನ್ ನಿವೃತ್ತಿಗೆ ಹತ್ತಿರವಾದವರು. ನರ ಹುಡುಕುತ್ತಾ, "ಏನಮ್ಮ, ಇನ್ನೊಬ್ಬರ ಹೆಸರಲ್ಲಿ ಕೂಲಿಗೆ ಬಂದಂಗೆ ಬಂದಿದೀಯ" ಎಂದರು. ಅವಳು ನಕ್ಕಳು. ಅರ್ಧ ಗಂಟೆಯಲ್ಲಿ ಫಲಿತಾಂಶ ಬಂತು. ನಾನ್-ರಿಯಾಕ್ಟಿವ್. ಮೊದಲನೆಯದೇ ಹಾಗೆ ಬಂದರೆ ಉಳಿದೆರಡು ಮಾಡುವುದಿಲ್ಲ.

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳು ಸುಧಾರಿಸಿಕೊಳ್ಳುವವರೆಗೂ ಕಾದು ವಿಂಡೋ ಪೀರಿಯಡ್ ಬಗ್ಗೆ ಹೇಳಿದೆ. ನಮ್ಮ ಪರೀಕ್ಷೆ ವೈರಸ್ಸನ್ನು ನೋಡುವುದಿಲ್ಲ, ಅದಕ್ಕೆ ಎದುರಾಗಿ ಮೈ ತಯಾರಿಸುವ ಪ್ರತಿಕಾಯಗಳನ್ನು ಹುಡುಕುತ್ತದೆ. ಅವು ಸಾಕಷ್ಟು ಬೆಳೆಯಲು ವಾರಗಳು ಬೇಕು. ಹೆಪ್ಪು ಹಾಕಿದ ಹಾಲು ಒಂದು ಗಂಟೆ ಕಳೆದು ನೋಡಿದರೂ ಹಾಲಿನ ಹಾಗೇ ಕಾಣುತ್ತದಲ್ಲ, ಹಾಗೆ. ಸೋಂಕು ಇತ್ತೀಚೆಗೆ ತಗಲಿದ್ದರೆ ಇವತ್ತು ಕಾಣದೇ ಇರಬಹುದು. ಮೂರು ತಿಂಗಳಿಗೆ ಮತ್ತೆ ಬನ್ನಿ. ಅಲ್ಲಿಯವರೆಗೆ, ಅವರ ಪರೀಕ್ಷೆ ಆಗುವವರೆಗೆ, ಕಾಂಡೋಮ್ ಇಲ್ಲದೆ ಸೇರಬೇಡಿ.

ಪೊಟ್ಟಣ ಕೊಟ್ಟೆ. ತೆಗೆದುಕೊಂಡು, ಸ್ವಲ್ಪ ಹೊತ್ತಿಗೆ ಮೇಜಿನ ಮೇಲೇ ಇಟ್ಟಳು. "ಇದನ್ನ ತಗಂಡೋದ್ರೆ ನನ್ನೇ ಕೇಳ್ತಾರೆ ಮೇಡಂ, ಯಾರ ಹತ್ರ ಹೋಗಿದ್ದೆ ಅಂತ. ಹೆಂಗೂ ಅವರನ್ನ ಕರ್ಕಂಬತ್ತೀನಿ."

ಮೂರು ತಿಂಗಳಾಯಿತು, ಅವಳು ಬರಲಿಲ್ಲ. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದೆ. ಗಂಡಸಿನ ದನಿ. ಗಂಡನೋ ಮಾವನೋ ಮೈದುನನೋ ತಿಳಿಯದು. ಆಸ್ಪತ್ರೆ ಎಂಬ ಮಾತು ಕೂಡ ನಾನು ಆಡುವಂತಿರಲಿಲ್ಲ. "ರಾಂಗ್ ನಂಬರ್" ಎಂದು ಇಟ್ಟುಬಿಟ್ಟೆ. ಅವಳೇ ಎತ್ತಿಕೊಳ್ಳಬಹುದಾದ ಹೊತ್ತು ಯಾವುದೆಂದು ಮೊದಲ ದಿನವೇ ಕೇಳಿಟ್ಟುಕೊಳ್ಳಬೇಕಿತ್ತು. ಕೇಳಿರಲಿಲ್ಲ.

ರಾಗಿ ಬಿತ್ತನೆಯ ಹೊತ್ತಿಗೆ ಅವಳು ಬಂದಳು. ಮೂರು ತಿಂಗಳ ಗರ್ಭಿಣಿ. ಊರಿನ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆಲ್ಲ ಮಾಡುವ ಹಾಗೆ ಬೆರಳು ಚುಚ್ಚಿ ನೋಡಿದ್ದರು. ರಿಯಾಕ್ಟಿವ್. ಬೇಲೂರಿಗೆ ಚೀಟಿ ಕೊಟ್ಟಿದ್ದರೂ ಇಲ್ಲಿಗೇ ಬಂದಿದ್ದಳು. ಈ ಸಲ ಗಂಡನೂ ಜೊತೆಗಿದ್ದ. ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದ.

"ಇದು ಮೊದಲನೇದು ತಾನೇ ಮೇಡಂ? ಇನ್ನೂ ಎರಡು ಐತಲ್ಲ" ಎಂದಳು. ನಾನು ಹೇಳಿಕೊಟ್ಟದ್ದೆಲ್ಲ ಅವಳಿಗೆ ನೆನಪಿತ್ತು. ಟೆಕ್ನಿಷಿಯನ್ ರಕ್ತ ತೆಗೆದುಕೊಂಡು ಒಳಗೆ ಹೋದರು. ಕಾಯುವಾಗ ಅವಳೇ ಹೇಳಿದಳು. ಹಿಂದಿನ ಸಲ ಮನೆಗೆ ಹೋಗಿ ನನ್ನ ಮಾತನ್ನೆಲ್ಲ ಗಂಡನಿಗೆ ಒಪ್ಪಿಸಿದ್ದಳಂತೆ. ಅವನು ಅವಳ ರಿಪೋರ್ಟನ್ನು ಓದಿ, "ನೋಡು, ನಾಯಿ ಸುಮ್ಮನೆ ಬೊಗಳೈತೆ" ಎಂದನಂತೆ. ಆಪರೇಷನ್ ಬೇಡವೆಂದು ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ತೋಟಕ್ಕೆ ಹೋಗತೊಡಗಿದ. ಅತ್ತೆ ಆ ರಿಪೋರ್ಟಿಗೆ ಲ್ಯಾಮಿನೇಷನ್ ಹಾಕಿಸಿದರು.

"ಮೂರು ತಿಂಗಳಿಗೆ ಬರಬೇಕು ಅಂದೆ ನಾನು. ಚೆನ್ನಾಗೈತೆ ಅಂತ ಬರ್ಕೊಟ್ಟವ್ರೆ, ಮತ್ಯಾಕೆ ಕೆದಕ್ತೀಯ ಅಂದ್ರು. ನಂಗೂ ಹಂಗೇ ಅನ್ನಿಸ್ತು ಅನ್ನಿ."

ನನ್ನ ಮಾತಿನಲ್ಲಿ ತಪ್ಪಿರಲಿಲ್ಲ. ಅದರಲ್ಲಿ ಅವರಿಗೆ ಬೇಕಾದಷ್ಟು ಮಾತ್ರ ಆ ಮನೆ ಸೇರಿತ್ತು.

ಟೆಕ್ನಿಷಿಯನ್ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು. ಮೂರು ಕಿಟ್‌ಗಳನ್ನು ಸಾಲಾಗಿ ಇಟ್ಟಿದ್ದರು. ಒಂದರಲ್ಲಿ ಚುಕ್ಕೆ, ಎರಡರಲ್ಲಿ ಗೆರೆ. ಮೂರೂ ಸ್ಪಷ್ಟವಾಗಿ ರಿಯಾಕ್ಟಿವ್. "ಇನ್ನೊಂದ್ಸಲ ನೋಡಿದೆ ಕಣಮ್ಮ" ಎಂದರು, ನಾನು ಕೇಳದಿದ್ದರೂ.

ವೈದ್ಯಾಧಿಕಾರಿಯ ಸಹಿ ಆದ ಮೇಲೆ ಅವಳ ಎದುರು ಕೂತು ಹೇಳಿದೆ. ಮಾತ್ರೆ ಇದೆ, ಹಾಸನದಲ್ಲಿ ಈ ವಾರವೇ ಶುರು ಮಾಡಿಸುತ್ತೇನೆ, ದಿನ ತಪ್ಪದೆ ತಗೊಂಡರೆ ನೀವು ಚೆನ್ನಾಗಿರುತ್ತೀರಿ, ಮಗುವಿಗೆ ದಾಟದ ಹಾಗೆ ತಡೆಯುವುದು ಹೆಚ್ಚಿನವರಲ್ಲಿ ಸಾಧ್ಯವಾಗುತ್ತದೆ. ಅವಳು ಮಗುವಿನ ಮಾತು ಬಂದಾಗ ಮಾತ್ರ ತಲೆಯೆತ್ತಿದಳು. ಆಮೇಲೆ ಕೇಳಿದಳು.

"ಅವತ್ತು ಬಂದಾಗ್ಲೇ ಇತ್ತಾ ಮೇಡಂ ನನ್ನಲ್ಲಿ? ಕಾಣದಂಗೆ?"

ಇದ್ದಿರಬಹುದು ಎಂದೆ.

"ಇಲ್ಲಾ ಆಮೇಲೆ?"

"ಆಮೇಲೂ ಬಂದಿರಬಹುದು. ಯಾವಾಗ ಅಂತ ಈ ಪರೀಕ್ಷೆಯಿಂದ ಗೊತ್ತಾಗಲ್ಲ."

"ಅವತ್ತೇ ಇತ್ತು ಅಂತ ಹೇಳಿಬಿಡಿ." ಅವಳು ನನ್ನ ಕೈ ಹಿಡಿದಿದ್ದಳು. "ಅವತ್ತೇ ಇತ್ತು ಅಂದ್ರೆ ಅವರ ಜೊತೆ ಹೆಂಗೋ ಬಾಳ್ತೀನಿ. ಆ ಕಾಗದ ನಂಬ್ಕೊಂಡು ಮಲಗಿದ್ದಕ್ಕೆ ಬಂತು ಅಂದ್ರೆ ಆಗಾಕಿಲ್ಲ."

ಅದನ್ನು ಹೇಳಲು ನನಗೂ ಆಸೆಯಿತ್ತು. ಅವತ್ತೇ ಇದ್ದಿದ್ದರೆ, ನಾನು ಆ ಫೋನನ್ನು ಇಡದಿದ್ದರೂ, ಪೊಟ್ಟಣವನ್ನು ಅವಳ ಬ್ಯಾಗಿಗೆ ಹಾಕಿ ಕಳಿಸಿದ್ದರೂ, ಅವಳಿಗೆ ಸೋಂಕು ತಪ್ಪುತ್ತಿರಲಿಲ್ಲ. ಆ ದಿನದ ನಂತರ ಎಷ್ಟೋ ಸಂಜೆ ಬಸ್ಸಿನಲ್ಲಿ ನಾನು ಇದನ್ನೇ ನನಗೆ ಹೇಳಿಕೊಂಡಿದ್ದೇನೆ.

"ಗೊತ್ತಿಲ್ಲ" ಎಂದೆ. "ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ?"

ಅವಳು ಕೈ ಬಿಟ್ಟಳು. ಸಿಟ್ಟಿನಿಂದಲ್ಲ. ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡು ಬಾಗಿಲಿಗೆ ಹೋಗಿ ಗಂಡನನ್ನು ಕರೆದಳು. ಅವನು ಒಳಗೆ ಬಂದು ನಮ್ಮಿಬ್ಬರ ಮುಖ ನೋಡಿದ.

"ಈ ಸಲ ನೀವು ಕೂತ್ಕಳ್ರಿ" ಎಂದಳು. ಅವನು ಕೂತು, ಟೆಕ್ನಿಷಿಯನ್ ಹೇಳುವ ಮೊದಲೇ ಅಂಗಿಯ ತೋಳು ಮಡಚಿದ. ಅವಳು ಹೊರಗೆ ಹೋಗಿ ಅವನು ಕೂತಿದ್ದ ಬೆಂಚಿನ ಮೇಲೆ ಒಬ್ಬಳೇ ಕೂತಳು. ನಾನು ಹತ್ತಿರ ಹೋದಾಗ ಸ್ವಲ್ಪ ಜಾಗ ಬಿಟ್ಟಳು, ಆದರೆ ನನ್ನ ಕಡೆ ತಿರುಗಲಿಲ್ಲ.